ಮಟ್ಟ ಬೇರೆ, ದರ ಬೇರೆ

“ಉಳಿತಾಯ ಏರಿಸಿದರೆ ಆರ್ಥಿಕ ಬೆಳವಣಿಗೆಯ ದರ ಶಾಶ್ವತವಾಗಿ ಏರುತ್ತದೆ ಎಂದು ಅರ್ಥಶಾಸ್ತ್ರಜ್ಞ ಸೊಲೊ ತೋರಿಸಿದರು. ರೋಮರ್ ಬಂಡವಾಳದ ಜಾಗದಲ್ಲಿ ಶಿಕ್ಷಣವನ್ನಿಟ್ಟರು, ಅಷ್ಟೆ. ಸರ್, ಲೇಖನ ಪ್ರಕಟಿಸಬಹುದೇ?”

ನಿಮ್ಮ ಭಾಷೆ ತಿಳಿಯಾಗಿದೆ. ಆದರೆ ಮೇಲಿನ ಎರಡು ವಾಕ್ಯ ಇರುವವರೆಗೆ ಪ್ರಕಟಿಸಲಾರೆ.

ಮೊದಲನೆಯದು ತಲೆಕೆಳಗಾಗಿದೆ. 1956ರಲ್ಲಿ ಸೊಲೊ ಹೇಳಿದ್ದು ಇದಕ್ಕೆ ತದ್ವಿರುದ್ಧ. ಲೆಕ್ಕ ಹಾಕಿಯೇ ನೋಡಿ. ಒಬ್ಬ ಕೆಲಸಗಾರನ ಉತ್ಪನ್ನ ಅವನ ಪಾಲಿನ ಬಂಡವಾಳದ ಘನಮೂಲ ಎಂದಿಟ್ಟುಕೊಳ್ಳೋಣ. ಬಂಡವಾಳ 8 ಇದ್ದರೆ ಉತ್ಪನ್ನ 2. ಅದರಲ್ಲಿ ಶೇ 20 ಉಳಿಸಿದರೆ 0.4 ಹೊಸದಾಗಿ ಸೇರುತ್ತದೆ. ವರ್ಷಕ್ಕೆ ಶೇ 5 ಸವಕಳಿಯಾದರೆ 8ರಲ್ಲಿ ಹೋಗುವುದೂ 0.4. ಬಂದದ್ದು ಹೋದದ್ದಕ್ಕೆ ಸರಿಯಾಯಿತು, ಬೆಳವಣಿಗೆ ಸೊನ್ನೆ.

ಈಗ ಉಳಿತಾಯವನ್ನು ಶೇ 45ಕ್ಕೆ ಏರಿಸಿ. ಮೊದಲ ವರ್ಷ 0.9 ಸೇರಿ 0.4 ಸವೆಯುತ್ತದೆ, ಬೆಳವಣಿಗೆ ಜೋರಾಗಿಯೇ ಇರುತ್ತದೆ. ಬಂಡವಾಳ 27 ಮುಟ್ಟುವ ಹೊತ್ತಿಗೆ ಉತ್ಪನ್ನ 3, ಉಳಿತಾಯ 1.35, ಸವಕಳಿಯೂ 1.35. ಮತ್ತೆ ನಿಂತಿತು. ಬಂಡವಾಳ ಮೂರು ಪಟ್ಟಿಗಿಂತ ಹೆಚ್ಚಾದರೂ ಉತ್ಪನ್ನ ಒಂದೂವರೆ ಪಟ್ಟು ಮಾತ್ರ. ಇಳಿಮುಖ ಪ್ರತಿಫಲ ಎಂದರೆ ಇದೇ. ತಿಂದುಡಲು ಉಳಿದದ್ದು 1.6 ಇದ್ದದ್ದು 1.65 ಆಯಿತು. (ಇಷ್ಟಕ್ಕೆ ಇಷ್ಟು ಹೊಟ್ಟೆ ಕಟ್ಟಬೇಕಿತ್ತೇ!) ಅಂದರೆ ಏರಿದ್ದು ಆದಾಯದ ಮಟ್ಟ. ದರ ನಡುವೆ ನೆಗೆದು ಮತ್ತೆ ಕೆಳಗಿಳಿಯಿತು. ಬರೆಯಲು ಕಲಿಯುವಾಗ ನಾನೂ ಇವೆರಡನ್ನು ಒಂದೇ ಮಾಡುತ್ತಿದ್ದೆ; ಸವಕಳಿಗೆ ಪ್ರತ್ಯೇಕ ಕಾಲಂ ಹಾಕತೊಡಗಿದ ಮೇಲೆ ಆ ಚಾಳಿ ಬಿಟ್ಟಿತು.

ಎರಡನೆಯ ವಾಕ್ಯದಲ್ಲಿ ಲೂಕಸ್ ಮತ್ತು ರೋಮರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕಲಸಿಹೋಗಿದ್ದಾರೆ. ಮಾನವ ಬಂಡವಾಳವನ್ನು, ಅಂದರೆ ಜನರ ಶಿಕ್ಷಣ, ಕೌಶಲವನ್ನು, ಬೆಳವಣಿಗೆಯ ಎಂಜಿನ್ ಮಾಡಿದ್ದು 1988ರ ಲೂಕಸ್ ಪ್ರಬಂಧ. ಕೌಶಲ ಇರುವುದು ಮನುಷ್ಯನಲ್ಲಿ. ನರ್ಸ್ ಒಬ್ಬರು ಒಂದು ಹೊತ್ತಿಗೆ ಒಂದೇ ಹಾಸಿಗೆಯ ಬಳಿ ನಿಲ್ಲಬಲ್ಲರು, ನಿವೃತ್ತರಾದರೆ ಕೌಶಲವೂ ಅವರೊಂದಿಗೆ ಹೋಗುತ್ತದೆ. ಆದರೆ ಭೇದಿಗೆ ನೀರು, ಸಕ್ಕರೆ, ಉಪ್ಪು ಬೆರೆಸಿ ಕುಡಿಸುವ ಪ್ರಮಾಣ ಒಮ್ಮೆ ಗೊತ್ತಾದರೆ ಲಕ್ಷ ಮನೆಗಳಲ್ಲಿ ಏಕಕಾಲಕ್ಕೆ ಬಳಸಬಹುದು, ಯಾರ ಪಾಲೂ ಕಡಿಮೆಯಾಗದು. 1990ರಲ್ಲಿ ರೋಮರ್ ಹಿಡಿದದ್ದು ಈ ಗುಣವನ್ನು. ಶಿಕ್ಷಿತರು ಅಲ್ಲೂ ಬೇಕು, ಹೊಸ ವಿಚಾರ ಹುಟ್ಟಿಸುವ ಸಂಶೋಧಕರಾಗಿ. ರೋಮರ್ ಸೂತ್ರವನ್ನು ಹೀಗೆ ಬರೆಯಬಹುದು:

```
dA/dt = δ · H · A
```

A ಈವರೆಗೆ ಕೂಡಿಬಂದ ಜ್ಞಾನ, H ಸಂಶೋಧನೆಯಲ್ಲಿ ತೊಡಗಿದ ಮಾನವ ಬಂಡವಾಳ, δ ಅದರ ಉತ್ಪಾದಕತೆ. ಎರಡೂ ಕಡೆ A ಯಿಂದ ಭಾಗಿಸಿ: ಜ್ಞಾನ ಬೆಳೆಯುವ ದರ δH. ನೀವು ಸೊಲೊ ತಲೆಗೆ ಕಟ್ಟಿದ ಶಾಶ್ವತ ಏರಿಕೆ ಸಿಗುವುದು ಇಲ್ಲಿ.

ನೀವು ಅನುಮಾನಿಸಬೇಕಿದ್ದ ಜಾಗವೂ ಇದೇ. H ಐದು ಪಟ್ಟಾದರೆ ದರವೂ ಐದು ಪಟ್ಟಾಗಬೇಕಲ್ಲ? ಅಮೆರಿಕದಲ್ಲಿ 1950ರಿಂದ 1980ರ ದಶಕದ ಕೊನೆಯವರೆಗೆ ಸಂಶೋಧನೆಯಲ್ಲಿದ್ದ ವಿಜ್ಞಾನಿ, ಎಂಜಿನಿಯರುಗಳ ಸಂಖ್ಯೆ ಸುಮಾರು ಐದು ಪಟ್ಟಾಯಿತು, ಬೆಳವಣಿಗೆಯ ದರ ಮೇಲೇರಲಿಲ್ಲ. ಇದನ್ನು 1995ರಲ್ಲಿ ಎತ್ತಿ ತೋರಿಸಿದವರು ಚಾರ್ಲ್ಸ್ ಜೋನ್ಸ್. ಮೇಲಿನ ಸೂತ್ರದ ಬಲಬದಿಯಲ್ಲಿ A ಯ ಘಾತಾಂಕ 1; ಅದು 1ಕ್ಕಿಂತ ಕಡಿಮೆ ಇರಬೇಕೆಂಬುದು ಅವರ ತಿದ್ದುಪಡಿ. ಆಗ ಸಂಶೋಧಕರ ಸಂಖ್ಯೆ ಒಂದು ಕಡೆ ನಿಂತರೆ ಬೆಳವಣಿಗೆಯೂ ಕ್ರಮೇಣ ಸೊನ್ನೆಯತ್ತ ಇಳಿಯುತ್ತದೆ.

ಲೇಖನದ ಉತ್ತರಾರ್ಧವನ್ನು ಈ ಘಾತಾಂಕದಿಂದ ಶುರುಮಾಡಿ ಮತ್ತೆ ಬರೆದು ಕಳಿಸಿ.