ಗೆರೆ ದಾಟಬಾರದ ಕಥೆಗಳಿಂದ ಶುರು ಮಾಡಿ

ಪ್ರಶ್ನೆ: ನಾನು ಇಲ್ಲಿಯವರೆಗೆ ಹಾರರ್ ಸಿನಿಮಾ ನೋಡಿಯೇ ಇಲ್ಲ. ರಕ್ತ, ಕತ್ತರಿಸೋದು, ಚುಚ್ಚೋದು ನೋಡೋಕೆ ನನ್ನಿಂದ ಆಗಲ್ಲ. ಆದರೆ ಹಳೇ ಜನಪದ ಕಥೆಗಳ ದೆವ್ವ ಭೂತ ಅಂದ್ರೆ ತುಂಬಾ ಇಷ್ಟ. ವಾತಾವರಣದಿಂದಲೇ ಭಯ ಹುಟ್ಟಿಸೋ ಸಿನಿಮಾ ಇದ್ದರೆ ಹೇಳಿ. ಯಾವುದರಿಂದ ಶುರು ಮಾಡಲಿ?

ಮೊದಲು 'ವಿಯ್' ನೋಡಿ. 1967ರ ಸೋವಿಯತ್ ಸಿನಿಮಾ, ಗೊಗೊಲ್ ಬರೆದ ಕಥೆ. ಎಂಬತ್ತು ನಿಮಿಷವೂ ಇಲ್ಲ. ಅದಾದ ಮೇಲೆ ಜಪಾನಿನ 'ಕ್ವೈದಾನ್', ಆಮೇಲೆ ಮಲಯಾಳಂನ 'ಭ್ರಮಯುಗಂ'. ಈ ಮೂರೂ ನಿಮಗೆ ಹಿಡಿಸಿದರೆ ಮುಂದಿನ ದಾರಿ ತಾನಾಗಿಯೇ ಕಾಣುತ್ತದೆ. ಈ ಮೂರನ್ನೇ, ಇದೇ ಕ್ರಮದಲ್ಲಿ ಹೇಳಲು ಒಂದು ಕಾರಣ ಇದೆ.

ಜನಪದದ ಭಯದ ಕಥೆಯಲ್ಲಿ ಸಾಮಾನ್ಯವಾಗಿ ಒಂದು ಕಟ್ಟು ಇರುತ್ತದೆ. ಈ ಗೆರೆ ದಾಟಬೇಡ. ಈ ಮಾತು ಯಾರಿಗೂ ಹೇಳಬೇಡ. ಕರೆದರೆ ಓಗೊಡಬೇಡ. ಕಟ್ಟು ಏನು ಅಂತ ನಮಗೆ ಮೊದಲೇ ಗೊತ್ತಾಗುತ್ತದೆ. ಅದು ಮುರಿಯುತ್ತದೆ ಅಂತಲೂ ಗೊತ್ತು. ಯಾವಾಗ, ಯಾರ ಕೈಯಿಂದ ಅನ್ನುವುದಷ್ಟೇ ಗೊತ್ತಿಲ್ಲ. ಆ ಕಾಯುವಿಕೆಯಲ್ಲೇ ಭಯ ಹುಟ್ಟುತ್ತದೆ, ಹಾಗಾಗಿ ರಕ್ತದ ಅಗತ್ಯವೇ ಬೀಳುವುದಿಲ್ಲ. ನೀವು ಸಿನಿಮಾ ನೋಡುವಾಗ ದೆವ್ವ ಎಲ್ಲಿದೆ ಅಂತ ಹುಡುಕಬೇಡಿ. ಕಟ್ಟು ಯಾವುದು ಅಂತ ಹುಡುಕಿ. ಅದು ಸಿಕ್ಕಿದ ಕೂಡಲೇ, ಸುಮ್ನೆ ಒಬ್ಬ ಕೂತು ಊಟ ಮಾಡುವ ದೃಶ್ಯವೂ ಬೇರೆ ಥರ ಕಾಣತೊಡಗುತ್ತದೆ.

'ವಿಯ್'ನಲ್ಲಿ ಈ ಕಟ್ಟು ಕಣ್ಣಿಗೇ ಕಾಣುತ್ತದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಹೊಸಬರಿಗೆ ಅದನ್ನೇ ಮೊದಲು ಹೇಳುವುದು ಅದಕ್ಕೇ. ಖೋಮಾ ಅನ್ನುವ ಧಾರ್ಮಿಕ ಶಾಲೆಯ ಹುಡುಗ. ಸತ್ತುಹೋದ ಒಬ್ಬ ಯುವತಿಯ ಶವದ ಮುಂದೆ, ಹಳೇ ಮರದ ಚರ್ಚ್‌ನಲ್ಲಿ, ಮೂರು ರಾತ್ರಿ ಒಬ್ಬನೇ ಪ್ರಾರ್ಥನೆ ಓದಬೇಕು. ಬಾಗಿಲು ಹೊರಗಿನಿಂದ ಹಾಕಿರುತ್ತಾರೆ. ಅವನು ತನ್ನ ಸುತ್ತ ಒಂದು ವೃತ್ತ ಬರೆದುಕೊಳ್ಳುತ್ತಾನೆ. ಮೊದಲ ರಾತ್ರಿ ಆಕೆ ಶವಪೆಟ್ಟಿಗೆಯಿಂದ ಎದ್ದು ಬರುತ್ತಾಳೆ. ವೃತ್ತದೊಳಗಿರುವ ಅವನು ಅವಳಿಗೆ ಕಾಣುವುದಿಲ್ಲ. ಗಾಳಿಯಲ್ಲೇ ಗೋಡೆ ಇದೆಯೇನೋ ಅನ್ನುವ ಹಾಗೆ ಅಂಗೈಯಿಂದ ತಡವುತ್ತಾ ಬರುತ್ತಾಳೆ. ಅಷ್ಟೇ ಆ ದೃಶ್ಯ. ಒಬ್ಬ ನಟಿಯ ಎರಡು ಕೈ, ನೆಲದ ಮೇಲೊಂದು ಬಿಳಿ ಗೆರೆ. ಎರಡನೇ ರಾತ್ರಿ ಶವಪೆಟ್ಟಿಗೆಯೇ ಹಾರಲು ಶುರುವಾಗುತ್ತದೆ. ಮೂರನೇ ರಾತ್ರಿಯದನ್ನು ನಾನು ಹೇಳುವುದಿಲ್ಲ. ಆ ರಾತ್ರಿ ಇನ್ನೊಂದು ಕಟ್ಟು ಬಂದು ಸೇರುತ್ತದೆ ಅಂತ ಮಾತ್ರ ತಿಳಿದುಕೊಂಡಿರಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಭಾಗ ಅಷ್ಟೇನೂ ಹೆದರಿಸುವುದಿಲ್ಲ. ಹುಡುಗರ ಕುಡಿತ, ಹಾಡು, ಹಳ್ಳಿಯವರ ಹರಟೆ ಜಾಸ್ತಿ. ಕೆಲವರು ಅಲ್ಲೇ ಆಫ್ ಮಾಡಿಬಿಡುತ್ತಾರೆ. ನೀವು ಚರ್ಚ್ ಬರುವವರೆಗೆ ಕಾಯಿರಿ. ಹಗಲಿನ ಆ ಗಲಾಟೆ ಇರುವುದರಿಂದಲೇ ರಾತ್ರಿಯ ಮೌನ ಅಷ್ಟು ಭಾರ ಆಗುತ್ತದೆ. ಕೊನೆಯಲ್ಲಿ ಬರುವ ಜೀವಿಗಳ ವೇಷ ಇವತ್ತಿನ ಕಣ್ಣಿಗೆ ಹಳೇದು ಅನ್ನಿಸಬಹುದು. ನನಗೆ ಅದು ತೊಂದರೆ ಅನ್ನಿಸಿಲ್ಲ. ಗೋಡೆಯಿಂದ ಇಳಿದು ಬರುವ ಆ ಆಕಾರಗಳಲ್ಲಿ ಅಜ್ಜಿ ಕಥೆಯ ಗುಣ ಇದೆ.

ಈಗ 'ಕ್ವೈದಾನ್'. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ವಾತಾವರಣ ಅಂದರೆ ಏನು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1964ರಲ್ಲಿ ಮಸಾಕಿ ಕೊಬಯಾಶಿ ಮಾಡಿದ್ದು. ಒಳಗೆ ನಾಲ್ಕು ಬೇರೆ ಬೇರೆ ಕಥೆಗಳಿವೆ. ಒಟ್ಟು ಮೂರು ಗಂಟೆ. ಹೊಸಬರು ಇಲ್ಲೇ ಸೋಲುವುದು: ಎಲ್ಲರೂ ಹೊಗಳುತ್ತಾರೆ ಅಂತ ಒಂದೇ ಸಲಕ್ಕೆ ಮೂರು ಗಂಟೆ ಕೂರುತ್ತಾರೆ, ಎರಡನೇ ಕಥೆಗೆ ನಿದ್ದೆ ಬರುತ್ತದೆ. ಹಾಗೆ ಮಾಡಬೇಡಿ. ಒಂದು ರಾತ್ರಿಗೆ ಒಂದೇ ಕಥೆ. ಕಥೆಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ, ಹಾಗಾಗಿ ಎರಡನೆಯದಾದ 'ಹಿಮದ ಹೆಂಗಸು' ಕಥೆಯನ್ನೇ ಮೊದಲು ಹಾಕಿಕೊಳ್ಳಿ. ಅಮೆರಿಕದಲ್ಲಿ ಬಿಡುಗಡೆ ಆದಾಗ ಈ ಕಥೆಯನ್ನೇ ಕತ್ತರಿಸಿದ್ದರು, ಆದ್ದರಿಂದ ನಿಮಗೆ ಸಿಕ್ಕ ಪ್ರತಿಯಲ್ಲಿ ನಾಲ್ಕೂ ಕಥೆ ಇದೆಯೇ ಅಂತ ನೋಡಿಕೊಳ್ಳಿ.

ಮಿನೋಕಿಚಿ ಅನ್ನುವ ಯುವಕ ಕಟ್ಟಿಗೆ ಕಡಿಯುವವನು. ಹಿಮದ ಬಿರುಗಾಳಿಗೆ ಸಿಕ್ಕಿ, ಜೊತೆಗಿದ್ದ ಮುದುಕನೊಂದಿಗೆ ಅಂಬಿಗನ ಗುಡಿಸಲಿನಲ್ಲಿ ಮಲಗುತ್ತಾನೆ. ರಾತ್ರಿ ಎಚ್ಚರವಾದರೆ, ಬಿಳಿ ಬಟ್ಟೆಯ ಹೆಂಗಸೊಬ್ಬಳು ಮುದುಕನ ಮೇಲೆ ಬಗ್ಗಿ ಉಸಿರು ಬಿಡುತ್ತಿರುತ್ತಾಳೆ. ಮುದುಕ ಹೆಪ್ಪುಗಟ್ಟಿ ಸಾಯುತ್ತಾನೆ. ಇವನು ಚಿಕ್ಕವನು ಅಂತ ಇವನನ್ನು ಬಿಡುತ್ತಾಳೆ. ಇಂದು ಕಂಡದ್ದನ್ನು ಯಾರಿಗೂ ಹೇಳಬಾರದು, ತಾಯಿಗೂ ಹೇಳಬಾರದು, ಹೇಳಿದರೆ ಕೊಲ್ಲುತ್ತೇನೆ ಅನ್ನುತ್ತಾಳೆ. ಕಟ್ಟು ಇದು. ಮುಂದೆ ಅವನಿಗೆ ಯೂಕಿ ಎಂಬ ಹುಡುಗಿ ಸಿಗುತ್ತಾಳೆ, ಮದುವೆ ಆಗುತ್ತದೆ, ಮಕ್ಕಳಾಗುತ್ತವೆ. ವರ್ಷಗಳು ಕಳೆದರೂ ಅವಳಿಗೆ ವಯಸ್ಸೇ ಆಗುವುದಿಲ್ಲ.

ಯಾರಿವಳು ಅಂತ ನೀವು ಆಗಲೇ ಊಹಿಸಿದ್ದೀರಿ, ಅಲ್ವಾ? ಸಿನಿಮಾಗೂ ಅದು ಗೊತ್ತು. ಮುಚ್ಚಿಡುವ ಪ್ರಯತ್ನವನ್ನೇ ಮಾಡುವುದಿಲ್ಲ. ಒಂದು ರಾತ್ರಿ ದೀಪದ ಬೆಳಕಲ್ಲಿ ಅವಳು ಬಟ್ಟೆ ಹೊಲಿಯುತ್ತಾ ಕೂತಿರುತ್ತಾಳೆ. ಅವನು ಅವಳ ಮುಖ ನೋಡುತ್ತಾನೆ. ಅವನಿಗೆ ಏನೋ ನೆನಪಾಗುತ್ತದೆ. ಹೇಳಬೇಡಪ್ಪಾ, ಬಾಯಿ ಮುಚ್ಚು ಅಂತ ನಾವು ಕೂತಲ್ಲೇ ಅಂದುಕೊಳ್ಳುತ್ತೇವೆ. ಅವನು ಪ್ರೀತಿಯಿಂದಲೇ ಆ ಕಥೆ ಹೇಳಲು ಶುರು ಮಾಡುತ್ತಾನೆ. ಇಲ್ಲಿ ಬೆಳಕನ್ನು ಗಮನಿಸಿ. ಮನೆಯೊಳಗಿನ ಬೆಚ್ಚಗಿನ ಹಳದಿ ಹೋಗಿ ಹಿಮದ ನೀಲಿ ಬರುತ್ತದೆ. ಯಾರೂ ದೀಪ ಮುಟ್ಟಿರುವುದಿಲ್ಲ. ಬಾಗಿಲೂ ತೆರೆದಿರುವುದಿಲ್ಲ. ಗುಡಿಸಲಿನ ಆ ರಾತ್ರಿಯೇ ಈ ಮನೆಯೊಳಗೆ ಬಂದು ನಿಂತ ಹಾಗಾಗುತ್ತದೆ. ಮುಂದಿನ ಕೆಲವು ನಿಮಿಷ ನಿಮಗಾಗಿ ಬಿಟ್ಟಿದ್ದೇನೆ. ಭಯಕ್ಕಿಂತ ದುಃಖವೇ ಜಾಸ್ತಿ ಆಗುತ್ತದೆ.

ಇಲ್ಲಿನ ಆಕಾಶವನ್ನೂ ನೋಡಿ. ಸಿನಿಮಾದ ಬಹುಪಾಲು ಹೊರಾಂಗಣವೂ ಸೆಟ್ಟೇ. ಆಕಾಶವನ್ನು ಪರದೆಯ ಮೇಲೆ ಕೈಯಿಂದ ಬರೆದಿದ್ದಾರೆ. ಹಿಮದ ರಾತ್ರಿ ಆ ಆಕಾಶದಲ್ಲಿ ದೊಡ್ಡ ಕಣ್ಣು ಕಾಣುತ್ತದೆ. ಪಾತ್ರಗಳು ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನಿಜವಾದ ಕಾಡು, ನಿಜವಾದ ಆಕಾಶ ಇದ್ದಿದ್ದರೆ ಇದು ಸಾಧ್ಯ ಇರಲಿಲ್ಲ. ಎಲ್ಲವೂ ಬರೆದದ್ದು ಅಂತ ಕಾಣುವುದರಿಂದಲೇ ಕಥೆ ಹೇಳುವವರ ಮನಸ್ಸಿನೊಳಗೆ ಇದ್ದೇವೆ ಅನ್ನಿಸುತ್ತದೆ. ಈ ಕಥೆ ಬಂದದ್ದೂ ಹಾಗೆ ಬಾಯಿಂದ ಬಾಯಿಗೆ. ಈ ಸಿನಿಮಾಗೆ ಆಧಾರವಾದ ಜಪಾನೀ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದ ಲಾಫ್ಕಾಡಿಯೊ ಹರ್ನ್ 1904ರ ತಮ್ಮ ಪುಸ್ತಕದ ಮುನ್ನುಡಿಯಲ್ಲಿ, ಒಬ್ಬ ರೈತ ತನ್ನ ಊರಿನ ಕಥೆ ಅಂತ ಇದನ್ನು ತನಗೆ ಹೇಳಿದ ಅಂತ ಬರೆದಿದ್ದಾರೆ.

ಮಾರನೇ ರಾತ್ರಿ ಮೂರನೇ ಕಥೆ ನೋಡಿ. ಕುರುಡ ಗಾಯಕನೊಬ್ಬನನ್ನು ಸತ್ತ ಯೋಧರು ಹಾಡಲು ಕರೆದೊಯ್ಯುತ್ತಾರೆ. ಅವನನ್ನು ಕಾಪಾಡಲು ಮೈತುಂಬ ಪವಿತ್ರ ಮಂತ್ರ ಬರೆಯುತ್ತಾರೆ. ಕಥೆಯ ಹೆಸರು 'ಕಿವಿಯಿಲ್ಲದ ಹೋಯಿಚಿ'. ಎಲ್ಲಿ ಬರೆಯಲು ಮರೆತರು ಅಂತ ಹೆಸರೇ ಹೇಳಿಬಿಡುತ್ತದೆ! ಆದರೂ ಆ ರಾತ್ರಿ ಯೋಧ ಬಂದು ಹೆಸರು ಹಿಡಿದು ಕೂಗುವಾಗ ಉಸಿರು ಹಿಡಿದುಕೊಳ್ಳುತ್ತೇವೆ. ಇದರಲ್ಲಿ ಒಂದು ಕಡೆ ರಕ್ತ ಎದ್ದು ಕಾಣುತ್ತದೆ, ಎಲ್ಲಿ ಅಂತ ನಿಮಗೀಗ ಗೊತ್ತು. ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡರೂ ಕಥೆಗೆ ನಷ್ಟ ಇಲ್ಲ.

ಎಲ್ಲ ಕಥೆಗಳಿಗೂ ಸಂಗೀತ ತೋರು ತಾಕೆಮಿತ್ಸು ಅವರದು. ಹೆದರಿಸುವ ಜಾಗದಲ್ಲಿ ಧಡಾರ್ ಅಂತ ಸದ್ದು ಬರುವುದಿಲ್ಲ. ಮೊದಲ ಕಥೆ 'ಕಪ್ಪು ಕೂದಲು'. ಅದರ ಕೊನೆಯಲ್ಲಿ ಒಬ್ಬ ಮನುಷ್ಯ ಕುಸಿದು ಬೀಳುವ ಸದ್ದೇ ನಮಗೆ ಸರಿಯಾಗಿ ಕೇಳಿಸುವುದಿಲ್ಲ. ಅದರ ಬದಲು ಮರ ಸೀಳುವ ಥರದ ಸದ್ದು ಅಲ್ಲೊಂದು ಇಲ್ಲೊಂದು ಬರುತ್ತದೆ. ಕಣ್ಣಿಗೆ ಕಾಣುವುದಕ್ಕೂ ಕಿವಿಗೆ ಕೇಳುವುದಕ್ಕೂ ತಾಳೆ ಆಗದಿದ್ದಾಗ ಮೈ ತಾನಾಗಿಯೇ ಬಿಗಿಯಾಗುತ್ತದೆ. ಅದಕ್ಕೇ ಹೇಳುವುದು, ಇಂಥ ಸಿನಿಮಾಗಳನ್ನು ಮೂಲ ಭಾಷೆಯಲ್ಲೇ, ಸಬ್‌ಟೈಟಲ್ ಹಾಕಿಕೊಂಡು, ಹೆಡ್‌ಫೋನ್‌ನಲ್ಲಿ ಕೇಳುತ್ತಾ ನೋಡಿ. ಡಬ್ ಮಾಡುವಾಗ ಎಷ್ಟೋ ಸಲ ಈ ಸಣ್ಣ ಸದ್ದುಗಳೇ ಮೊದಲು ಹಾಳಾಗುತ್ತವೆ. ಹಗಲು ಹೊತ್ತು ಫೋನಿನಲ್ಲಿ ನೋಡಿದರೆ ಕತ್ತಲಿನ ದೃಶ್ಯಗಳಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಕೋಣೆಯ ದೀಪ ಆರಿಸಿ. ಒಂದು ದೃಶ್ಯ ಎಳೆಯುತ್ತಿದೆ ಅನ್ನಿಸಿದರೆ ಮುಂದೆ ಓಡಿಸಬೇಡಿ. ಚಿತ್ರದ ಮೂಲೆಗಳನ್ನು, ಹಿಂದಿನ ಬಾಗಿಲನ್ನು ನೋಡಿ. ನಿರ್ದೇಶಕ ಸಮಯ ಕೊಟ್ಟಿರುವುದು ಅದಕ್ಕೇ.

'ಭ್ರಮಯುಗಂ' 2024ರದು, ರಾಹುಲ್ ಸದಾಶಿವನ್ ನಿರ್ದೇಶನ. ಇಡೀ ಸಿನಿಮಾ ಕಪ್ಪು ಬಿಳುಪು. ಹದಿನೇಳನೇ ಶತಮಾನದಲ್ಲಿ ಓಡಿಬಂದ ಒಬ್ಬ ಹಾಡುಗಾರ, ಪಾಳುಬಿದ್ದ ದೊಡ್ಡ ಮನೆ, ಒಳಗೆ ಮಮ್ಮುಟ್ಟಿ ಮಾಡಿರುವ ಯಜಮಾನ. ಇಲ್ಲಿ ಕಟ್ಟು ನೆಲದ ಮೇಲೆ ಇಲ್ಲ, ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಅತಿಥಿ ಅಂತ ಒಳಗೆ ಕರೆದು, ಊಟ ಹಾಕಿ, ಪಗಡೆ ಆಡೋಣ ಬಾ ಅನ್ನುತ್ತಾನೆ. ಪಣಕ್ಕೆ ಇಡಲು ನನ್ನ ಹತ್ತಿರ ಏನೂ ಇಲ್ಲವಲ್ಲ ಅಂದರೆ, ನಿನ್ನ ಕಾಲವನ್ನೇ ಇಡು ಅನ್ನುತ್ತಾನೆ. ಇವನು ಸೋಲುತ್ತಾನೆ, ಮನೆ ಬಿಟ್ಟು ಹೋಗುವ ಹಾಗಿಲ್ಲ. ಮಳೆ, ಸೋರುವ ಮಾಡು, ಬೆಳೆದ ಹುಲ್ಲು, ಅದೇ ಅಂಗಳ. ಮೊದಲ ಎರಡು ನೋಡಿ ಕಣ್ಣು ಪಳಗಿದ ಮೇಲೆ ಇದು ಚೆನ್ನಾಗಿ ಹತ್ತುತ್ತದೆ. ಕೊನೆಯ ಭಾಗದಲ್ಲಿ ಹೊಡೆದಾಟ ಇದೆ. ಕಪ್ಪು ಬಿಳುಪಿನಲ್ಲಿ ಅದರ ತೀವ್ರತೆ ಕಡಿಮೆ ಅನ್ನಿಸುತ್ತದೆ.

ಜನ ನಿಮಗೆ ಖಂಡಿತ ಸೂಚಿಸುವ ಕೆಲವನ್ನು ಸದ್ಯಕ್ಕೆ ಬದಿಗಿಡಿ. 'ತುಂಬಾಡ್' ನನಗೆ ಬಹಳ ಇಷ್ಟದ ಸಿನಿಮಾ. ಅಲ್ಲೂ ಹಿಟ್ಟಿನಲ್ಲಿ ಬರೆದ ವೃತ್ತ ಇದೆ, 'ವಿಯ್' ನೋಡಿದವರಿಗೆ ಅದು ತಟ್ಟನೆ ಹೊಳೆಯುತ್ತದೆ. ಆದರೆ ಮಾಂಸ, ಗಾಯ, ಕೊಳೆತ ಮೈ ಸಾಕಷ್ಟು ಕಾಣುತ್ತದೆ. ಇನ್ನು 'ದಿ ವಿಚ್' ವಾತಾವರಣದಲ್ಲಿ ಅದ್ಭುತ, ಆದರೆ ಶುರುವಿನಲ್ಲೇ ಒಂದು ಹಸುಗೂಸಿಗೆ ಆಗುವುದನ್ನು ನೋಡುವುದು ಕಷ್ಟ. 'ಒನಿಬಾಬ'ದ ಆಳೆತ್ತರದ ಹುಲ್ಲು ಮರೆಯಲಾಗದ್ದು. ಅದರಲ್ಲಿ ಕೊಲೆ, ನಗ್ನತೆ ಎರಡೂ ಇವೆ. ಇವುಗಳಲ್ಲಿ ಯಾವುದಾದರೂ ಒಂದನ್ನು ನೋಡುವ ಮನಸ್ಸಾದರೆ 'ತುಂಬಾಡ್'ನಿಂದಲೇ ಶುರು ಮಾಡಿ, ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ.