ಡೆಂಗ್ಯೂ ಅನುಮಾನ ಇದ್ದಾಗ ಜ್ವರ ಬಿಟ್ಟ ಮೇಲಿನ ಎರಡು ದಿನ: ಎಷ್ಟು ಕುಡಿಸಬೇಕು, ಏನನ್ನು ಗಮನಿಸಬೇಕು

ಪ್ರಶ್ನೆ: ತಮ್ಮನಿಗೆ (26 ವರ್ಷ, 60 ಕೆಜಿ) ಭಾನುವಾರದಿಂದ ಜೋರು ಜ್ವರ, ಮೈಕೈ ನೋವು ಇತ್ತು. ಡಾಕ್ಟರು ಡೆಂಗ್ಯೂ ಇರಬಹುದು, ಸದ್ಯಕ್ಕೆ ಮನೆಯಲ್ಲೇ ನೋಡಿಕೊಳ್ಳಿ ಅಂದರು. ಇವತ್ತು ಗುರುವಾರ ಬೆಳಿಗ್ಗೆ ಜ್ವರ ಬಿಟ್ಟಿದೆ. ಆದರೆ ಪ್ಲೇಟ್‌ಲೆಟ್ ಮಂಗಳವಾರ 1,60,000 ಇದ್ದದ್ದು ಇವತ್ತು 96,000. ದಿನಕ್ಕೆ ಎಷ್ಟು ನೀರು ಕುಡಿಸಬೇಕು? ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಬೇಕು?

ಉತ್ತರ: ಜ್ವರ ಬಿಟ್ಟಿತು ಅಂತ ತಮ್ಮನನ್ನು ಒಬ್ಬನೇ ಬಿಟ್ಟು ಕೆಲಸಕ್ಕೆ ಹೋಗಬೇಡಿ. ಡೆಂಗ್ಯೂವಿನಲ್ಲಿ ಕಾಯಬೇಕಾದ ಹೊತ್ತು ಶುರುವಾಗುವುದೇ ಈಗ. ಜ್ವರ ಬಂದ ದಿನವನ್ನೇ ಮೊದಲನೇ ದಿನ ಅಂತ ಎಣಿಸಿ. ಭಾನುವಾರ 1 ಆದರೆ ಇವತ್ತು 5ನೇ ದಿನ. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ ಅಪಾಯದ ಘಟ್ಟ ಬರುತ್ತದೆ, 24ರಿಂದ 48 ಗಂಟೆ ಇರುತ್ತದೆ. ಆದ್ದರಿಂದ ಶನಿವಾರ ಬೆಳಿಗ್ಗೆವರೆಗೆ ರಾತ್ರಿಯೂ ಸೇರಿ ಯಾರಾದರೂ ಜೊತೆಗಿರಲಿ. ಜ್ವರ ಬಿಟ್ಟ ಮೇಲೆ ಹಸಿವಾಗಿ, ಎದ್ದು ಓಡಾಡಿದರೆ ಒಳ್ಳೆಯ ಸೂಚನೆ. ಜ್ವರ ಬಿಟ್ಟರೂ ಮೊದಲಿಗಿಂತ ಹೆಚ್ಚು ಸೋತು ಮಲಗಿದರೆ ಕೆಟ್ಟ ಸೂಚನೆ.

ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲಿರುತ್ತದೆ. ಆದರೆ ಡೆಂಗ್ಯೂವಿನಲ್ಲಿ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಪ್ಲಾಸ್ಮಾ ಸೋರಿಕೆಯಿಂದ. ರಕ್ತದ ನೀರಿನಂಶಕ್ಕೆ ಪ್ಲಾಸ್ಮಾ ಅನ್ನುತ್ತಾರೆ. ಈ ಘಟ್ಟದಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ಮಣ್ಣಿನ ಹೂಜಿ ಜಿನುಗುವ ಹಾಗೆ, ಆ ನೀರು ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಜಿನುಗುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಪ್ರಮಾಣ ಕಡಿಮೆಯಾಗುತ್ತದೆ, ಕೊನೆಗೆ ಬಿಪಿ ಕುಸಿಯುತ್ತದೆ.

ರಕ್ತ ಗಟ್ಟಿಯಾಗುತ್ತಿದೆಯೇ ಅನ್ನುವುದು ನಿಮ್ಮ ಕೈಯಲ್ಲಿರುವ ರಿಪೋರ್ಟಿನಲ್ಲೇ ಇದೆ. ಮಂಗಳವಾರದ್ದನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅಂತ ತೋರಿಸುವ, ಪಿಸಿವಿ ಅಥವಾ ಹೆಮಟೋಕ್ರಿಟ್ ಅನ್ನುವ ಸಾಲು ಹುಡುಕಿ. ಮಂಗಳವಾರ 40 ಇದ್ದು ಇವತ್ತು 48 ಆಗಿದ್ದರೆ ಅದು 20% ಏರಿಕೆ, ಸೋರಿಕೆ ಜೋರಾಗಿದೆ ಅಂತಲೇ ಅರ್ಥ. 43, 44ಕ್ಕೆ ಬಂದಿದ್ದರೂ ಪ್ಲೇಟ್‌ಲೆಟ್ ಹೀಗೆ ಬೇಗ ಇಳಿಯುತ್ತಿರುವಾಗ ಅದನ್ನು ಇವತ್ತೇ ಡಾಕ್ಟರಿಗೆ ತೋರಿಸಿ, ನಾಳೆವರೆಗೆ ಇಟ್ಟುಕೊಳ್ಳಬೇಡಿ. ಇಲ್ಲಿ ಒಂದು ಮೋಸ ಇದೆ. ರಕ್ತಹೀನತೆ ಇರುವ ಹೆಣ್ಣುಮಗಳಿಗೆ ಮೊದಲು 30 ಇದ್ದು ಈಗ 36 ಆದರೆ ರಿಪೋರ್ಟಿನಲ್ಲಿ ಅದು ಹೆಚ್ಚು ಅಂತ ಕಾಣುವುದಿಲ್ಲ, ಆದರೆ ಏರಿಕೆ ಅಷ್ಟೇ 20%. ಒಂದೇ ಅಂಕಿ ನೋಡಿದರೆ ಏನೂ ತಿಳಿಯದು, ಅವರವರ ಹಿಂದಿನ ಅಂಕಿಗೆ ಹೋಲಿಸಬೇಕು. ಇದಕ್ಕಾಗಿಯೇ ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ, ಈ ಎರಡು ದಿನ ದಿನಕ್ಕೊಮ್ಮೆಯಾದರೂ ಸಿಬಿಸಿ ಮಾಡಿಸಬೇಕು. ಪಿಸಿವಿ ಇಳಿಯುತ್ತಿದ್ದು ರೋಗಿ ಇನ್ನಷ್ಟು ಸೊರಗುತ್ತಿದ್ದರೆ ಅದೂ ಸಮಾಧಾನದ ವಿಷಯವಲ್ಲ, ಒಳಗೆಲ್ಲೋ ರಕ್ತಸ್ರಾವ ಆಗುತ್ತಿರಬಹುದು.

ಡೆಂಗ್ಯೂ ಕಾರ್ಡ್ ಟೆಸ್ಟ್ ನೆಗೆಟಿವ್ ಬಂದರೂ ಈ ನಿಗಾ ಬಿಡಬೇಡಿ. ಎನ್‌ಎಸ್‌1 ಅನ್ನುವ ವೈರಸ್ಸಿನ ಅಂಶ ಮೊದಲ ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, 5ನೇ ದಿನದ ಹೊತ್ತಿಗೆ ಮರೆಯಾಗುತ್ತಾ ಬರುತ್ತದೆ. ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಆಗಷ್ಟೇ ಮೂಡತೊಡಗಿರುತ್ತದೆ. ಈಗ ಪರೀಕ್ಷೆ ಮಾಡಿಸುವುದಾದರೆ ಎರಡನ್ನೂ ಮಾಡಿಸಿ.

ಇನ್ನು ಕುಡಿಸುವ ವಿಷಯ. 60 ಕೆಜಿ ತೂಕದವರಿಗೆ ದಿನದ ಸಾಮಾನ್ಯ ಅಗತ್ಯವೇ ಸುಮಾರು 2.3 ಲೀಟರ್. ಜ್ವರದಲ್ಲಿ ಬೆವರು, ಊಟ ಬಿಟ್ಟದ್ದು ಎಲ್ಲ ಸೇರಿಸಿ 2.5ರಿಂದ 3 ಲೀಟರ್ ಇಟ್ಟುಕೊಳ್ಳಿ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಂದು 200 ಎಂಎಲ್ ಲೋಟ ಕೊಟ್ಟರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ಒಮ್ಮೆಗೇ ಎರಡು ಮೂರು ಲೋಟ ಬಲವಂತ ಮಾಡಿದರೆ ವಾಂತಿಯಾಗಿ ಎಲ್ಲ ಹೊರಗೆ ಬರುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸುವುದು ಬೇಡ, ರಕ್ತದಲ್ಲಿ ಸೋಡಿಯಂ ಇಳಿದು ಮಂಕು ಕವಿಯುತ್ತದೆ. ಒಂದು ಲೀಟರ್ ಓಆರ್‌ಎಸ್ ಇರಲಿ. ಉಳಿದದ್ದಕ್ಕೆ ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ, ತಿಳಿಸಾರು, ಒಂದೆರಡು ಎಳನೀರು, ನಡುವೆ ನೀರು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ.

ಓಆರ್‌ಎಸ್ ಪುಡಿ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೋ ಅಷ್ಟಕ್ಕೇ ಕಲಸಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ಒಂದು ಲೀಟರಿನ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಅಂದಾಜಿನಲ್ಲಿ ಲೋಟಕ್ಕೆ ಹಾಕಿದರೆ ಉಪ್ಪಿನ ಪ್ರಮಾಣ ಹೆಚ್ಚುಕಡಿಮೆ ಆಗುತ್ತದೆ. ಕಲಸಿದ್ದನ್ನು 24 ಗಂಟೆ ದಾಟಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಡಬ್ಬಿಗಳು, ಗ್ಲೂಕೋಸ್ ಪುಡಿ ಇವು ಓಆರ್‌ಎಸ್ ಅಲ್ಲ. ದಾಳಿಂಬೆ, ಬೀಟ್‌ರೂಟ್ ರಸವನ್ನು ಈ ಎರಡು ದಿನ ದೂರ ಇಡಿ. ಆಮೇಲೆ ವಾಂತಿ ಅಥವಾ ಮಲ ಕೆಂಪಾಗಿ ಕಂಡರೆ ಅದು ರಕ್ತವೋ ರಸವೋ ಅಂತ ಯಾರಿಗೂ ಹೇಳಲಾಗುವುದಿಲ್ಲ. ಪಪ್ಪಾಯಿ ಎಲೆಯ ರಸ ಸೋರಿಕೆಯನ್ನು ತಡೆಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಅದರ ಕಹಿಗೆ ವಾಂತಿಯಾದರೆ ಕುಡಿದ ಓಆರ್‌ಎಸ್ ಕೂಡ ಹೋಗುತ್ತದೆ, ನಾನಂತೂ ಬೇಡ ಅನ್ನುತ್ತೇನೆ.

ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಟೀ ಚಮಚದಂತೆ ಓಆರ್‌ಎಸ್ ಕೊಡಿ. ಹೊಟ್ಟೆಯಲ್ಲಿ ನಿಂತರೆ ನಿಧಾನಕ್ಕೆ ಹೆಚ್ಚಿಸಿ. ಕುಡಿಸಿದ್ದು ಸಾಕಾಗುತ್ತಿದೆಯೇ ಅಂತ ತಿಳಿಯಲು ಮೂತ್ರಕ್ಕಿಂತ ಒಳ್ಳೆಯ ಅಳತೆ ಮನೆಯಲ್ಲಿಲ್ಲ. ದಿನಕ್ಕೆ 4ರಿಂದ 6 ಬಾರಿ, ತಿಳಿ ಹಳದಿ ಬಣ್ಣದಲ್ಲಿ ಹೋಗಬೇಕು. ಒಂದು ಹಾಳೆಯಲ್ಲಿ ಗಂಟೆ, ಕುಡಿದದ್ದು, ಮೂತ್ರ ಹೋದದ್ದು ಇಷ್ಟು ಬರೆಯುತ್ತಾ ಹೋಗಿ. ಎಚ್ಚರವಿದ್ದು, ಕುಡಿಯುತ್ತಿದ್ದೂ 6 ಗಂಟೆ ಮೂತ್ರವೇ ಹೋಗದಿದ್ದರೆ ಕುಡಿದದ್ದು ನಾಳದಲ್ಲಿ ನಿಲ್ಲುತ್ತಿಲ್ಲ ಅಂತ ತಿಳಿದು ಆಸ್ಪತ್ರೆಗೆ ಹೊರಡಿ.

ಕುಡಿಸುವುದರಿಂದ ಸೋರಿಕೆ ನಿಲ್ಲುವುದಿಲ್ಲ, ಸೋರಿದ್ದನ್ನು ತುಂಬಿಕೊಡಬಹುದು ಅಷ್ಟೆ. ಸಣ್ಣ ಸೋರಿಕೆಗೆ ಬಾಯಿಂದ ಕೊಟ್ಟದ್ದು ಸಾಕಾಗುತ್ತದೆ, ದೊಡ್ಡದಕ್ಕೆ ಸಾಲದು. ಹಾಗಂತ ಬಲ ಬರಲಿ ಅಂತ ಬೀದಿಯ ಕ್ಲಿನಿಕ್ಕಿನಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿಸಿ ಮನೆಗೆ ಕರೆತರುವುದು ತಪ್ಪು. ಪಿಸಿವಿ, ಬಿಪಿ, ಮೂತ್ರ ನೋಡಿಕೊಂಡು ಗಂಟೆಗಂಟೆಗೆ ವೇಗ ಬದಲಿಸುತ್ತಾ ಕೊಡಬೇಕಾದ ಡ್ರಿಪ್ ಅದು. ಕಣ್ಣುಮುಚ್ಚಿ ಏರಿಸಿದರೆ ಹೆಚ್ಚಾದದ್ದು ಎದೆಯಲ್ಲಿ, ಹೊಟ್ಟೆಯಲ್ಲಿ ನಿಂತು ಉಸಿರು ಕಟ್ಟುತ್ತದೆ.

ಆಸ್ಪತ್ರೆಗೆ ಹೊರಡಲು ಈ ಕೆಳಗಿನದರಲ್ಲಿ ಒಂದು ಕಂಡರೂ ಸಾಕು. ಬಿಡದೆ ಕಾಡುವ ಹೊಟ್ಟೆನೋವು, ಅದರಲ್ಲೂ ಬಲಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಿದರೆ ನೋವು. ಇದನ್ನು ಗ್ಯಾಸ್ ಅಂತ ಭಾವಿಸಿ ಮಾತ್ರೆ ಕೊಟ್ಟು ರಾತ್ರಿ ಕಳೆಯುವುದು ತುಂಬಾ ಮನೆಗಳಲ್ಲಿ ಆಗುವ ತಪ್ಪು. ದಿನದಲ್ಲಿ ಮೂರು ಅಥವಾ ಹೆಚ್ಚು ಸಲ ವಾಂತಿ. ಒಸಡು, ಮೂಗಿನಿಂದ ರಕ್ತ, ಡಾಂಬರಿನಂಥ ಕಪ್ಪು ಮಲ, ಮುಟ್ಟಿನಲ್ಲಿ ಎಂದಿಗಿಂತ ಹೆಚ್ಚು ಸ್ರಾವ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು. ಉಸಿರಾಟ ಜೋರಾಗುವುದು, ಹೊಟ್ಟೆ ಉಬ್ಬುವುದು. ಮಂಕಾಗಿ ತೂಕಡಿಸುವುದು, ಅಥವಾ ಸುಮ್ಮನಿರಲಾಗದೆ ಹೊರಳಾಡುವುದು, ಸಿಡುಕುವುದು.

ಕೈಕಾಲು ತಣ್ಣಗಾಗುವುದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಜ್ವರ ಬಿಟ್ಟಿದೆ, ಮೈ ತಂಪಾಗಿದೆ ಅಂತ ಮನೆಯವರು ಸಮಾಧಾನಪಟ್ಟುಕೊಳ್ಳುವುದು ಇಲ್ಲಿಯೇ. ಎದೆ ಬೆಚ್ಚಗಿದ್ದು ಅಂಗೈ, ಪಾದ ಮಾತ್ರ ತಣ್ಣಗೆ, ಜಿಗಿಜಿಗಿಯಾಗಿದ್ದರೆ ದೇಹವು ಕೈಕಾಲಿನ ರಕ್ತವನ್ನು ಹಿಡಿದಿಟ್ಟು ಮೆದುಳು, ಹೃದಯಕ್ಕೆ ಕಳಿಸುತ್ತಿದೆ ಅಂತ. ಆದ್ದರಿಂದಲೇ ಆಗಲೂ ರೋಗಿ ಸರಿಯಾಗಿ ಮಾತಾಡುತ್ತಾನೆ. ಮಾತಾಡುತ್ತಿದ್ದಾನೆ ಅಂತ ತಡಮಾಡಬೇಡಿ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳ ಉಗುರನ್ನು 5 ಸೆಕೆಂಡು ಒತ್ತಿ ಬಿಡಿ. ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಮೇಲಿನ ಅಂಕಿಯೊಂದನ್ನೇ ನೋಡಬೇಡಿ. ಬೆಳಿಗ್ಗೆ 110/70, ಮಧ್ಯಾಹ್ನ 104/78, ಸಂಜೆ 100/82 ಬಂತು ಅನ್ನಿ. ಮೇಲಿನದು ಇನ್ನೂ 100 ಇದೆಯಲ್ಲ ಅನ್ನಿಸುತ್ತದೆ. ಆದರೆ ಎರಡರ ನಡುವಿನ ಅಂತರ 40ರಿಂದ 26ಕ್ಕೆ, ಆಮೇಲೆ 18ಕ್ಕೆ ಇಳಿದಿದೆ. ಅಂತರ 20 ಅಥವಾ ಅದಕ್ಕಿಂತ ಕಡಿಮೆ ಅಂದರೆ ಶಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ, ಶುರುವಾಗಿದೆ. ಅಲ್ಲಿಯವರೆಗೆ ಕಾಯದೆ, ಅಂತರ ಕುಗ್ಗುತ್ತಾ ಬಂದಾಗಲೇ ಹೊರಡಿ. 108ಕ್ಕೆ ಕರೆ ಮಾಡಿ, ದಾರಿಯಲ್ಲಿ ಮಲಗಿಸಿಕೊಂಡು, ಎಚ್ಚರವಿದ್ದು ವಾಂತಿ ಇಲ್ಲದಿದ್ದರೆ ಗುಟುಕು ಗುಟುಕಾಗಿ ಓಆರ್‌ಎಸ್ ಕೊಡುತ್ತಾ ಹೋಗಿ. ರಿಪೋರ್ಟುಗಳ ಜೊತೆ ನೀವು ಬರೆದಿಟ್ಟ ಹಾಳೆಯೂ ಇರಲಿ.

ಮತ್ತೆ ಜ್ವರ ಬಂದರೆ ಪ್ಯಾರಸಿಟಮಾಲ್ ಒಂದೇ. 500 ಅಥವಾ 650 ಎಂಜಿ, ಕನಿಷ್ಠ 6 ಗಂಟೆ ಅಂತರ, ದಿನಕ್ಕೆ ನಾಲ್ಕು ಮಾತ್ರೆ ಮೀರಬಾರದು. ಡೆಂಗ್ಯೂವಿನಲ್ಲಿ ಲಿವರ್ ಮೊದಲೇ ಬಳಲಿರುತ್ತದೆ, ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಬೇಡ, ಇವು ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ. ಹೃದಯಕ್ಕಾಗಿ ಮೊದಲಿಂದ ಆಸ್ಪಿರಿನ್ ತಗೊಳ್ಳುವವರು ಮಾತ್ರ ಅವರ ಡಾಕ್ಟರನ್ನು ಕೇಳಿ ನಿರ್ಧರಿಸಬೇಕು. ಸೊಂಟಕ್ಕೆ ಇಂಜೆಕ್ಷನ್ ಕೂಡ ಬೇಡ.

ಇಷ್ಟೆಲ್ಲ ಮನೆಯ ಆರೈಕೆ ನಿಮ್ಮ ತಮ್ಮನಂಥ ಆರೋಗ್ಯವಂತ ವಯಸ್ಕರಿಗೆ. ಗರ್ಭಿಣಿ, ಎಳೆ ಕೂಸು, ವಯಸ್ಸಾದವರು, ಸಕ್ಕರೆ, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರು ಯಾವ ಲಕ್ಷಣವೂ ಇಲ್ಲದಿದ್ದರೂ ಆಸ್ಪತ್ರೆಯಲ್ಲೇ ಇರುವುದು ಕ್ಷೇಮ, ಮೇಲಿನ 3 ಲೀಟರ್ ಲೆಕ್ಕವೂ ಅವರಿಗಲ್ಲ.

ಶನಿವಾರದ ಹೊತ್ತಿಗೆ ಹಸಿವು ಮರಳಿ, ಮೂತ್ರ ಧಾರಾಳವಾಗಿ ಹೋಗತೊಡಗಿದರೆ, ಸೋರಿದ ನೀರು ನಾಳಗಳಿಗೆ ವಾಪಸ್ಸು ಬರುತ್ತಿದೆ. ಕಾಲಿನಲ್ಲಿ ಕೆಂಪು ದದ್ದು, ಅದರ ನಡುವೆ ಬಿಳಿ ಚುಕ್ಕೆಗಳು, ವಿಪರೀತ ತುರಿಕೆ ಬರಬಹುದು, ಅದು ಗುಣವಾಗುವ ಘಟ್ಟದ್ದು. ಪ್ಲೇಟ್‌ಲೆಟ್ ಏರುವುದು ಇದಕ್ಕಿಂತ ಒಂದೆರಡು ದಿನ ತಡ, ರಕ್ತಸ್ರಾವ ಇಲ್ಲದಿದ್ದರೆ ಆ ಅಂಕಿಗೆ ಹೆದರಿ ಪ್ಲೇಟ್‌ಲೆಟ್ ಹಾಕಿಸಲು ಒತ್ತಾಯ ಮಾಡಬೇಡಿ. ಆಗಿನಿಂದ ಗಂಟೆಗೊಂದು ಲೋಟದ ಲೆಕ್ಕ ಬಿಟ್ಟು ಬಾಯಾರಿದಷ್ಟು ಮಾತ್ರ ಕುಡಿಸಿ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ ನೀರು ಹೆಚ್ಚಾಗಿದೆ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.