ಶುಕ್ರವಾರ ಲಾಸ್ಟ್ ಡೇಟ್, ಅದನ್ನ ಹೇಳೋದ್ ಹೆಂಗೆ?

"ಅಕ್ಕಾ, ಚಿಕ್ಕಮಗಳೂರಲ್ಲಿ ಒಂದ್ ಕಾಫಿ ಕ್ಯೂರಿಂಗ್ ಕಂಪ್ನಿಲಿ ಅಕೌಂಟ್ಸ್ ಕೆಲ್ಸಕ್ಕೆ ಫೈನಲ್ ಇಂಟರ್‌ವ್ಯೂ ಆಗಿ ಹತ್ತು ದಿನ ಆಯ್ತು, ಸುದ್ದಿನೇ ಇಲ್ಲ. ಹಾಸನದ ಒಂದ್ ಫ್ಯಾಕ್ಟ್ರಿಯವ್ರು ಆಫರ್ ಲೆಟರ್ ಕಳ್ಸಿ ಶುಕ್ರವಾರದೊಳಗೆ ಹೇಳಿ ಅಂದಿದಾರೆ. ನಂಗೆ ಚಿಕ್ಕಮಗಳೂರೇ ಇಷ್ಟ. ಇದನ್ನ ಹೇಳಿದ್ರೆ ಧಿಮಾಕು ಅನ್ಕೊಂಡ್ಬಿಟ್ರೆ?" — ಹಾಸನದ ಓದುಗಿ

ಅನ್ಕೊಳಲ್ಲ ಕಣಮ್ಮ, ಹೇಳೋ ರೀತಿಲಿ ಹೇಳಿದ್ರೆ. ಎಸ್ಟೇಟ್‌ಗಳಿಂದ ಮಾಲು ಬರೋ ಸೀಸನ್ ಆಗಿದ್ರೆ ಅವ್ರಿಗೆ ತಲೆ ಕೆರ್ಕೊಳಕ್ಕೂ ಪುರ್ಸೊತ್ತಿರಲ್ಲ, ನಿನ್ ಫೈಲು ಯಾರದೋ ಟೇಬಲ್ ಮೇಲೆ ಸುಮ್ನೆ ಬಿದ್ದಿರುತ್ತೆ, ಡೇಟ್ ಗೊತ್ತಾದ್ರೆ ಅದನ್ನ ಮೇಲಕ್ಕೆತ್ತಕ್ಕೆ ಒಂದ್ ಕಾರಣ ಸಿಗುತ್ತೆ ಅಷ್ಟೇ.

ಮೊದ್ಲು ಫ್ಯಾಕ್ಟ್ರಿಯವ್ರನ್ನೇ ಕೇಳು, "ಮನೇಲಿ ಮಾತಾಡಿ ಸೋಮವಾರ ಹೇಳ್ಲಾ ಸರ್" ಅಂತ. ಎರಡ್ಮೂರು ದಿನ ಸಾಮಾನ್ಯವಾಗಿ ಕೊಡ್ತಾರೆ, ಕೊಟ್ರೆ ಮೆಸೇಜಲ್ಲಿ ಬರ್ಸ್ಕೊ. ಅವ್ರು ಏನೇ ಅಂದ್ರೂ ಇವತ್ತೇ ಚಿಕ್ಕಮಗಳೂರಿನವ್ರಿಗೆ ತಿಳ್ಸು, ಗುರುವಾರದ ತನಕ ಕಾದ್ರೆ ಅವ್ರಿಗೆ ಓನರ್ ಹತ್ರ ಓಕೆ ಮಾಡ್ಸಕ್ಕೆ ಟೈಮೇ ಸಿಗಲ್ಲ, ಒತ್ತಡ ಅನ್ಸೋದು ಅವಾಗ್ಲೇ. ಇಂಟರ್‌ವ್ಯೂಗೆ ಕರ್ದಿದ್ ಎಚ್‌ಆರ್‌ಗೇ ಹೇಳು, ಅವ್ರನ್ನ ಬಿಟ್ಟು ಸೀದಾ ಮ್ಯಾನೇಜರ್ ಹತ್ರ ಹೋಗ್ಬೇಡ.

ಹಿಂಗೆ ಬರಿ: "ಸರ್, ನಂಗೆ ಇನ್ನೊಂದ್ ಕಡೆ ಆಫರ್ ಬಂದಿದೆ, ಶುಕ್ರವಾರ ಸಂಜೆಯೊಳಗೆ ಅವ್ರಿಗೆ ಹೇಳ್ಬೇಕು. ನಂಗೆ ನಿಮ್ಮಲ್ಲಿ ಸೇರೋಕೇ ಇಷ್ಟ. ಅಷ್ಟ್ರೊಳಗೆ ನಿಮ್ ನಿರ್ಧಾರ ಗೊತ್ತಾಗ್ಬೋದಾ? ಕಷ್ಟ ಆದ್ರೆ ಯಾವಾಗ ಗೊತ್ತಾಗುತ್ತೆ ತಿಳ್ಸಿ." ಫ್ಯಾಕ್ಟ್ರಿ ಹೆಸ್ರು, ಸಂಬಳ ಬೇಡ, ಸಂಬಳ ಹಾಕಿದ್ ಕೂಡ್ಲೆ ಅದು ಚೌಕಾಸಿ ಆಗೋಗುತ್ತೆ. "ಇಲ್ಲಾಂದ್ರೆ ಅಲ್ಲಿಗ್ ಹೋಗ್ಬೇಕಾಗುತ್ತೆ" ಅನ್ನೋ ಸಾಲಂತೂ ಬೇಡ್ವೇ ಬೇಡ, ಡೇಟ್ ನೋಡಿದ್ರೆ ಅವ್ರಿಗೇ ಅರ್ಥ ಆಗುತ್ತೆ. ಡೇಟನ್ನ ಹಿಂದಕ್ಕೆ ಎಳ್ದು ಬುಧವಾರ ಅಂತ ಸುಳ್ಳು ಹೇಳ್ಬೇಡ, ಕೆಲವ್ರು ಲೆಟರ್ ಕಾಪಿ ಕೇಳ್ತಾರೆ.

ಮೆಸೇಜ್ ಒಂದೇ ಸಲ. ಮಾರ್ನೇ ದಿನ ಮಧ್ಯಾಹ್ನದ ತನಕ ಉತ್ರ ಬರ್ಲಿಲ್ಲ ಅಂದ್ರೆ ಒಂದ್ ಫೋನು, ಅಲ್ಲಿಗೆ ಮುಗೀತು.

"ಸೆಲೆಕ್ಟ್ ಆಗಿದೀರ, ಎಂಡಿ ಸೈನ್ ಒಂದು ಬಾಕಿ, ಗುರುವಾರ ಲೆಟರ್ ಬರುತ್ತೆ" ಅಂತ ದಿನ ಹೇಳಿದ್ರೆ ಕಾಯ್ಬೋದು. "ಪ್ರೋಸೆಸಲ್ಲಿದೆ, ನೋಡೋಣ" ಅಂದ್ರೆ ಬಹುಶಃ ಬೇರೆಯವ್ರನ್ನೂ ನೋಡ್ತಿದಾರೆ. ಬಾಯ್ಮಾತಲ್ಲಿ ಆಯ್ತು ಅಂದಿದ್ದನ್ನ ನಂಬ್ಕೊಂಡು ಕೈಲಿರೋ ಲೆಟರ್ ಬಿಡ್ಬೇಡ. ಶುಕ್ರವಾರ ಸಂಜೆ ಒಳಗೆ ಚಿಕ್ಕಮಗಳೂರಿಂದ ಬರವಣಿಗೆಲಿ ಏನೂ ಬರ್ಲಿಲ್ಲ, ಫ್ಯಾಕ್ಟ್ರಿಯವ್ರೂ ಟೈಮ್ ಕೊಡ್ಲಿಲ್ಲ ಅಂದ್ರೆ ಹಾಸನಕ್ಕೇ ಹೂಂ ಅನ್ನು, ಚಿಕ್ಕಮಗಳೂರಿನವ್ರಿಗೆ "ಬೇರೆ ಕಡೆ ಸೇರ್ತಿದೀನಿ ಸರ್, ಮುಂದೆ ಅವಕಾಶ ಇದ್ರೆ ನೆನಪಿಟ್ಕೊಳಿ" ಅಂತ ಎರಡ್ ಸಾಲು ಹಾಕ್ಬಿಡು.